ಬಿರುಕು ಎಲ್ಲಿಂದ ಹೊರಟಿತು? ಟ್ಯಾಬ್ಲೆಟ್ ಕಂಪನಿಗೆ ಬರೆಯುವ ಪತ್ರ

ರಾತ್ರಿ ಮೇಜಿನ ಮೇಲಿಟ್ಟ ಟ್ಯಾಬ್ಲೆಟ್‌ನ ಗಾಜಿನಲ್ಲಿ ಬೆಳಿಗ್ಗೆ ನೋಡಿದರೆ ಉದ್ದಕ್ಕೆ ಒಂದು ಗೆರೆ. ಬಿದ್ದಿಲ್ಲ, ಯಾರೂ ಅದರ ಮೇಲೆ ಕೂತಿಲ್ಲ, ಏನೂ ತಾಗಿಲ್ಲ. ವಾರಂಟಿ ಇನ್ನೂ ಇದೆಯಲ್ಲ ಎಂಬ ಧೈರ್ಯದಲ್ಲಿ ಸರ್ವಿಸ್ ಸೆಂಟರ್‌ಗೆ ಹೋದರೆ ಕೌಂಟರಿನಲ್ಲಿ ಕೂತವರು ಒಮ್ಮೆ ನೋಡಿ, "ಗಾಜು ತಾನಾಗಿ ಒಡೆಯೋದಿಲ್ಲ, ಇದು ಫಿಸಿಕಲ್ ಡ್ಯಾಮೇಜ್, ವಾರಂಟಿಗೆ ಬರೋದಿಲ್ಲ" ಎಂದು ಹೇಳಿ ಎಸ್ಟಿಮೇಟ್ ಮುಂದಿಡುತ್ತಾರೆ. ಅಲ್ಲಿಂದ ಮನೆಗೆ ಬಂದವರು ಸಿಟ್ಟಿನಲ್ಲಿ ಕಂಪನಿಗೆ ಒಂದು ಇ-ಮೇಲ್ ಬರೆಯುತ್ತಾರೆ. "ನನ್ನ ಟ್ಯಾಬ್ಲೆಟ್ ತಾನಾಗಿಯೇ ಒಡೆದಿದೆ, ಉಚಿತವಾಗಿ ರಿಪೇರಿ ಮಾಡಿಕೊಡಿ." ಎರಡು ದಿನದಲ್ಲಿ ಉತ್ತರ ಬರುತ್ತದೆ, ಕೌಂಟರಿನಲ್ಲಿ ಹೇಳಿದ್ದೇ ಮಾತು, ಇನ್ನಷ್ಟು ವಿನಯದಲ್ಲಿ.

ಈ ಪತ್ರ ಸೋಲುವುದು ಬರೆದವರು ಸುಳ್ಳು ಹೇಳಿದ್ದಾರೆಂದಲ್ಲ. ಅದರಲ್ಲಿ ಕಂಪನಿ ಪರಿಶೀಲಿಸಬಹುದಾದ ಒಂದು ಸಂಗತಿಯೂ ಇಲ್ಲದ್ದರಿಂದ. ಬೀಳಿಸಿಲ್ಲ ಎಂಬುದನ್ನು ಬೀಳಿಸಿದವರೂ ಹೇಳುತ್ತಾರೆ. ಹಾಗಾಗಿ ಆ ಒಂದು ಮಾತಿನ ಮೇಲೆ ನಿಂತ ಪತ್ರಕ್ಕೆ ತೂಕ ಬರುವುದಿಲ್ಲ. ತೂಕ ಬರುವುದು ಗಾಜು ಕೊಡುವ ಸಾಕ್ಷ್ಯದಿಂದ. ಬಿರುಕು ಎಲ್ಲಿಂದ ಹೊರಟಿತು, ಹೇಗೆ ಹರಿಯಿತು, ಅಂಚಿನಲ್ಲಿ ಏನಿದೆ ಎಂಬುದು ಗಾಜಿನಲ್ಲೇ ಬರೆದಿರುತ್ತದೆ. ಅದನ್ನು ಓದಿ ಪತ್ರಕ್ಕೆ ಇಳಿಸುವುದು ಹೇಗೆ ಎಂಬುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೊದಲು, ಗಾಜು ತಾನಾಗಿ ಒಡೆಯುತ್ತದೆಯೇ ಎಂಬ ಪ್ರಶ್ನೆ. ಯಾವುದೇ ಬಲ ಇಲ್ಲದೆ ಗಾಜು ಒಡೆಯುವುದಿಲ್ಲ, ಅಷ್ಟರಮಟ್ಟಿಗೆ ಕೌಂಟರಿನವರ ಮಾತು ಸರಿ. ಆದರೆ ಆ ಬಲ ಹೊರಗಿನ ಪೆಟ್ಟೇ ಆಗಿರಬೇಕಿಲ್ಲ, ಒಡೆಯುವ ಗಳಿಗೆಯಲ್ಲೇ ಬಿದ್ದದ್ದೂ ಆಗಿರಬೇಕಿಲ್ಲ. ಟ್ಯಾಬ್ಲೆಟ್‌ಗಳಿಗೆ ಹಾಕುವ ಹೊರಗಾಜು ಸಾಮಾನ್ಯವಾಗಿ ರಾಸಾಯನಿಕವಾಗಿ ಗಟ್ಟಿಗೊಳಿಸಿದ ಗಾಜು. ಕರಗಿದ ಪೊಟ್ಯಾಸಿಯಂ ನೈಟ್ರೇಟ್‌ನಲ್ಲಿ ಗಾಜನ್ನು ಮುಳುಗಿಸಿ ಇಡುತ್ತಾರೆ. ಗಾಜಿನ ಮೇಲ್ಮೈಯಲ್ಲಿರುವ ಸೋಡಿಯಂ ಅಯಾನುಗಳು ಹೊರಬಂದು ಅವುಗಳ ಜಾಗದಲ್ಲಿ ಗಾತ್ರದಲ್ಲಿ ದೊಡ್ಡದಾದ ಪೊಟ್ಯಾಸಿಯಂ ಅಯಾನುಗಳು ತೂರಿಕೊಳ್ಳುತ್ತವೆ. ಇದ್ದ ಜಾಗದಲ್ಲೇ ದೊಡ್ಡವು ಬಂದು ಕೂತದ್ದರಿಂದ ಮೇಲ್ಪದರ ಒತ್ತಿ ಬಿಗಿಯಾಗುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿದಾಗ ಮರ ಹೇಗೆ ಒತ್ತಿಕೊಂಡು ನಿಲ್ಲುತ್ತದೋ ಹಾಗೆ. ಈ ಒತ್ತಡ ಇರುವವರೆಗೆ ಸಣ್ಣಪುಟ್ಟ ಗೀರುಗಳ ಬಾಯಿ ಮುಚ್ಚಿಕೊಂಡೇ ಇರುತ್ತದೆ, ಅವು ಬಿರುಕಾಗಿ ಬೆಳೆಯುವುದಿಲ್ಲ. ಆದರೆ ಮೇಲ್ಪದರ ಒತ್ತಿಕೊಂಡಷ್ಟೂ ಅದಕ್ಕೆ ಸರಿದೂಗಿಸಲು ಗಾಜಿನ ಒಡಲು ಎಳೆತದಲ್ಲಿರಬೇಕು. ಬಿಗಿಯಾದ ಪದರದ ದಪ್ಪ ಒಂದು ಮಿಲಿಮೀಟರಿನ ನೂರರ ಕೆಲವು ಭಾಗ ಮಾತ್ರ. ಅದನ್ನು ದಾಟಿ ಒಳಗೆ ಇಳಿದ ಒಂದು ಸೀಳು ಎಳೆತದ ವಲಯವನ್ನು ಮುಟ್ಟಿದರೆ, ಅಲ್ಲಿಂದ ಮುಂದಕ್ಕೆ ಅದು ಓಡಲು ದೊಡ್ಡ ಪೆಟ್ಟು ಬೇಕಿಲ್ಲ.

ಅಂಥ ಸೀಳು ಹೆಚ್ಚಾಗಿ ಇರುವುದು ಅಂಚಿನಲ್ಲಿ. ದೊಡ್ಡ ಹಾಳೆಯಿಂದ ಗಾಜನ್ನು ಕತ್ತರಿಸಿ, ಅಂಚನ್ನು ಉಜ್ಜಿ ನಯಮಾಡುವ ಹಂತದಲ್ಲಿ ಕಣ್ಣಿಗೆ ಕಾಣದ ಚೂರು ಎದ್ದಿರಬಹುದು. ಸ್ಪೀಕರ್, ಬಟನ್‌ಗಳಿಗಾಗಿ ಕೊರೆದ ರಂಧ್ರಗಳ ಸುತ್ತಲೂ ಹಾಗೆಯೇ. ಇದರ ಮೇಲೆ ಜೋಡಣೆಯಲ್ಲಿ ಬರುವ ಒತ್ತಡ ಸೇರುತ್ತದೆ. ಫ್ರೇಮ್ ಸ್ವಲ್ಪ ಸೊಟ್ಟಗಿದ್ದರೆ, ಅಂಟು ಒಂದು ಕಡೆ ದಪ್ಪ ಒಂದು ಕಡೆ ತೆಳುವಾಗಿದ್ದರೆ, ಗಾಜಿನ ಕೆಳಗೆ ಒಂದು ಲೋಹದ ಚೂರೋ ಸಡಿಲವಾದ ಸ್ಕ್ರೂವೋ ಸಿಕ್ಕಿಹಾಕಿಕೊಂಡಿದ್ದರೆ, ಗಾಜು ದಿನವಿಡೀ ಬಾಗಿದ ಸ್ಥಿತಿಯಲ್ಲೇ ಇರುತ್ತದೆ. ಗಾಳಿಯಲ್ಲಿರುವ ತೇವಾಂಶ ಸೀಳಿನ ತುದಿಗೆ ಸೇರಿ ಅಲ್ಲಿನ ಸಿಲಿಕಾನ್ ಮತ್ತು ಆಮ್ಲಜನಕದ ಬೆಸುಗೆಯನ್ನು ನಿಧಾನವಾಗಿ ಬಿಡಿಸುತ್ತದೆ. ಎಳೆತದಲ್ಲಿರುವ ಗಾಜಿನಲ್ಲಿ ಸೀಳು ಹೀಗೆ ವಾರ, ತಿಂಗಳುಗಟ್ಟಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಬೆಳೆದು, ಒಂದು ಮಿತಿ ದಾಟಿದ ಗಳಿಗೆಯಲ್ಲಿ ಒಮ್ಮೆಗೇ ಹರಿದುಬಿಡುತ್ತದೆ. ಆ ಗಳಿಗೆ ನೀವು ಮಲಗಿದ್ದಾಗ ಬರಬಹುದು, ಚಾರ್ಜಿಗೆ ಹಾಕಿ ಟ್ಯಾಬ್ಲೆಟ್ ಬಿಸಿಯಾದಾಗ ಬರಬಹುದು. ತಾನಾಗಿ ಒಡೆಯಿತು ಎಂದು ನಮಗೆ ತೋರುವುದು ಇದೇ.

ಇನ್ನೊಂದು ಕಾರಣವನ್ನು ಎಲ್ಲಕ್ಕಿಂತ ಮೊದಲು ನೋಡಿಬಿಡಬೇಕು. ಬ್ಯಾಟರಿ ಊದುವುದು. ಟ್ಯಾಬ್ಲೆಟ್‌ನ ಲಿಥಿಯಂ ಬ್ಯಾಟರಿ ಗಟ್ಟಿ ಡಬ್ಬಿಯಲ್ಲಿರುವುದಿಲ್ಲ, ತೆಳುವಾದ ಚೀಲದಲ್ಲಿರುತ್ತದೆ. ಒಳಗೆ ಅನಿಲ ಹುಟ್ಟಿದರೆ ಚೀಲ ಊದಿ ಪರದೆಯನ್ನು ಹಿಂದಿನಿಂದ ತಳ್ಳುತ್ತದೆ. ಟ್ಯಾಬ್ಲೆಟ್ ಅನ್ನು ಸಮತಟ್ಟಾದ ಕಲ್ಲಿನ ಮೇಲೆ ಬೆನ್ನು ಕೆಳಗಾಗಿ ಇಟ್ಟು ಮೂಲೆಯನ್ನು ಮೆಲ್ಲಗೆ ಮುಟ್ಟಿದರೆ ಅದು ಓಲಾಡುತ್ತದೆಯೇ, ಫ್ರೇಮಿಗೂ ಗಾಜಿಗೂ ನಡುವೆ ಒಂದು ಕಡೆ ಸಂದು ಬಿಟ್ಟಿದೆಯೇ, ಬಿಳಿ ಪರದೆಯ ನಡುವೆ ಕಾರಣವಿಲ್ಲದೆ ಮಬ್ಬು ಅಥವಾ ಹೆಚ್ಚು ಬೆಳಕಿನ ಪಟ್ಟೆ ಕಾಣುತ್ತಿದೆಯೇ ನೋಡಿ. ಇವುಗಳಲ್ಲಿ ಒಂದು ಇದ್ದರೂ ಕೂಡಲೇ ಆಫ್ ಮಾಡಿ. ಚಾರ್ಜಿಗೆ ಹಾಕಬೇಡಿ, ಎದ್ದ ಗಾಜನ್ನು ಒತ್ತಿ ಕೂರಿಸಲು ಹೋಗಬೇಡಿ, ಕೊರಿಯರ್‌ನಲ್ಲಿ ಕಳಿಸಬೇಡಿ. ಅದು ಬೆಂಕಿಯ ಅಪಾಯ. ಬಟ್ಟೆ, ಕಾಗದಗಳಿಂದ ದೂರ ಇಟ್ಟು, ಕೈಯಲ್ಲೇ ಸರ್ವಿಸ್ ಸೆಂಟರ್‌ಗೆ ತಲುಪಿಸಿ. ಪತ್ರದ ಮೊದಲ ವಾಕ್ಯವೂ ಬ್ಯಾಟರಿಯದೇ ಆಗಿರಬೇಕು, ಗಾಜಿನ ಮಾತು ಆಮೇಲೆ. ಊದಿದ ಬ್ಯಾಟರಿ ಗಾಜನ್ನು ಒಡೆದಿದ್ದರೆ ಗ್ರಾಹಕರ ಮೇಲೆ ಹೊರಿಸುವುದು ಕಂಪನಿಗೆ ಬಹಳ ಕಷ್ಟ.

ಬ್ಯಾಟರಿ ಸರಿಯಿದೆ ಎಂದಾದರೆ ಈಗ ಗಾಜನ್ನು ಓದಬೇಕು. ಮೇಲೆ ಸ್ಕ್ರೀನ್ ಗಾರ್ಡ್ ಅಂಟಿಸಿದ್ದರೆ ಒಡೆದದ್ದು ಗಾರ್ಡೋ ಗಾಜೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಗಾರ್ಡ್ ಇರುವಂತೆಯೇ ಮೊದಲು ಫೋಟೊ ತೆಗೆದು, ಆಮೇಲಷ್ಟೇ ಬಿಡಿಸಿ. ಗಾರ್ಡ್‌ಗೆ ಏನೂ ಆಗದೆ ಕೆಳಗಿನ ಗಾಜು ಮಾತ್ರ ಬಿರುಕು ಬಿಟ್ಟಿದ್ದರೆ ಅದೇ ಒಂದು ಮುಖ್ಯ ಸಂಗತಿ, ಪತ್ರದಲ್ಲಿ ಬರಬೇಕು. ಕೆಲವೊಮ್ಮೆ ಹೊರಗಾಜು ನಯವಾಗಿಯೇ ಇದ್ದು ಒಳಗಿನ ಡಿಸ್‌ಪ್ಲೇ ಪದರ ಒಡೆದಿರುತ್ತದೆ, ಶಾಯಿ ಹರಡಿದಂತೆ ಕಪ್ಪು ಕಲೆ, ಅಡ್ಡಾದಿಡ್ಡಿ ಬಣ್ಣದ ಗೆರೆಗಳು ಕಾಣುತ್ತವೆ. ಚೀಲದಲ್ಲಿ ಪುಸ್ತಕಗಳ ನಡುವೆ ಒತ್ತಿ ಬಾಗಿದಾಗಲೂ ಹೀಗಾಗುವುದರಿಂದ ಅಂಥ ಪ್ರಕರಣದಲ್ಲಿ ವಾದ ಇನ್ನೂ ಕಷ್ಟ. ಇಲ್ಲಿ ಹೊರಗಾಜಿನ ಬಿರುಕಿಗೇ ಸೀಮಿತವಾಗಿ ಹೇಳುತ್ತೇನೆ.

ಕೋಣೆಯ ದೀಪ ಆರಿಸಿ, ಟಾರ್ಚ್ ಬೆಳಕನ್ನು ಗಾಜಿಗೆ ಓರೆಯಾಗಿ ಪಕ್ಕದಿಂದ ಬಿಡಿ. ಬಿರುಕುಗಳು ಬೆಳ್ಳಗೆ ಎದ್ದು ಕಾಣುತ್ತವೆ. ಬಿರುಕು ಹರಿಯುತ್ತಾ ಹೋದಂತೆ ಕವಲೊಡೆಯುತ್ತದೆ. ಕವಲುಗಳು ತೆರೆದುಕೊಳ್ಳುವುದು ಅದು ಓಡಿದ ದಿಕ್ಕಿಗೆ, ಕವಲಿನ ಬುಡ ತೋರಿಸುವುದು ಅದು ಬಂದ ದಿಕ್ಕನ್ನು. ಪ್ರತಿ ಕವಲಿನ ಬುಡ ಹಿಡಿದು ಹಿಂದಕ್ಕೆ ಹೋದರೆ ಎಲ್ಲ ಗೆರೆಗಳೂ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಅದೇ ಬಿರುಕಿನ ಮೂಲ. ಆ ಜಾಗವನ್ನು ಭೂತಗನ್ನಡಿಯಲ್ಲಿ, ಇಲ್ಲವೇ ಮೊಬೈಲ್ ಕ್ಯಾಮೆರಾವನ್ನು ತೀರ ಹತ್ತಿರ ಹಿಡಿದು ನೋಡಬೇಕು.

ಮೂಲವು ಗಾಜಿನ ನಡುಭಾಗದಲ್ಲೆಲ್ಲೋ ಇದ್ದು, ಅಲ್ಲಿ ಸಣ್ಣ ಗುಳಿ, ಪುಡಿಯಾದ ಗಾಜು, ಸುತ್ತಲೂ ಜೇಡರ ಬಲೆಯಂತೆ ಚದುರಿದ ಗೆರೆಗಳಿದ್ದರೆ ಅದು ಪೆಟ್ಟು. ನಿಮಗೆ ನೆನಪಿಲ್ಲದಿರಬಹುದು, ಮನೆಯಲ್ಲಿ ಬೇರೆ ಯಾರದೋ ಕೈಯಿಂದ ಆಗಿರಬಹುದು, ಆದರೆ ಪೆಟ್ಟು ಪೆಟ್ಟೇ. ಮೂಲವು ಅಂಚಿನಲ್ಲಿದ್ದು, ಅಲ್ಲಿಂದ ಒಂದೇ ಒಂದು ಗೆರೆ ಅಂಚಿಗೆ ಹೆಚ್ಚುಕಡಿಮೆ ನೇರ ಲಂಬವಾಗಿ ಹೊರಟು, ಆಮೇಲೆ ಬಾಗುತ್ತಾ ಬಳುಕುತ್ತಾ ಹೋಗಿ, ಕವಲೊಡೆಯದೆ ಅಥವಾ ಬಹಳ ದೂರ ಹೋದ ಮೇಲೆ ಒಂದೆರಡು ಕವಲಾಗಿದ್ದರೆ, ಅದು ಕಡಿಮೆ ಬಲದಲ್ಲಿ ಹರಿದ ಬಿರುಕಿನ ಲಕ್ಷಣ. ಉಷ್ಣತೆಯ ವ್ಯತ್ಯಾಸ, ಜೋಡಣೆಯ ಒತ್ತಡ, ಅಂಚಿನ ಹಳೆಯ ದೋಷ ಇವುಗಳಿಂದ ಹುಟ್ಟುವ ಬಿರುಕು ಸಾಮಾನ್ಯವಾಗಿ ಈ ರೂಪದಲ್ಲಿರುತ್ತದೆ.

ಅಂಚಿನಿಂದ ಹೊರಟಿದೆ ಎಂಬುದೊಂದೇ ಸಾಲದು ಎನ್ನುವುದನ್ನೂ ಹೇಳಬೇಕು. ಮೂಲೆ ಕೆಳಗಾಗಿ ಬಿದ್ದ ಟ್ಯಾಬ್ಲೆಟ್‌ನಲ್ಲೂ ಬಿರುಕು ಹೊರಡುವುದು ಅಂಚಿನಿಂದಲೇ. ವ್ಯತ್ಯಾಸ ತಿಳಿಯುವುದು ಫ್ರೇಮಿನಲ್ಲಿ. ಬಿದ್ದಿದ್ದರೆ ಬಿರುಕಿನ ಮೂಲದ ಪಕ್ಕದಲ್ಲೇ ಲೋಹದ ಮೇಲೆ ಜಜ್ಜಿದ ಗುರುತು, ಕೆದರಿದ ಬಣ್ಣ, ಅಂಚಿನಲ್ಲಿ ಗಾಜಿನ ಪುಡಿ ಇರುತ್ತದೆ. ಹಾಗೆಯೇ ಒಂದು ಉಕ್ಕಿನ ಸ್ಕೇಲನ್ನು ಟ್ಯಾಬ್ಲೆಟ್‌ನ ಬೆನ್ನಿಗೆ ಉದ್ದಕ್ಕೂ, ಅಡ್ಡಕ್ಕೂ, ಮೂಲೆಯಿಂದ ಮೂಲೆಗೂ ಇಟ್ಟು ನೋಡಿ. ಸ್ಕೇಲಿನ ಕೆಳಗೆ ಬೆಳಕು ಕಂಡರೆ ದೇಹ ಬಾಗಿದೆ ಎಂದರ್ಥ. ಬಾಗಿದ್ದು ಕಾರ್ಖಾನೆಯಲ್ಲೋ ಚೀಲದಲ್ಲೋ ಎಂಬ ಪ್ರಶ್ನೆ ಆಗ ಏಳುತ್ತದೆ, ಕಂಪನಿ ಎರಡನೆಯದನ್ನೇ ಹೇಳುತ್ತದೆ. ಬಿರುಕಿನ ಮೂಲದ ಬಳಿ ಜಜ್ಜಿದ ಗುರುತು ಕಂಡರೆ ಈ ಪತ್ರ ಬರೆಯಬೇಡಿ. ಸರ್ವಿಸ್ ಸೆಂಟರ್‌ನ ತಂತ್ರಜ್ಞರೂ ಇದೇ ಜಾಗವನ್ನೇ ನೋಡುತ್ತಾರೆ. ಅಂಥ ಸಂದರ್ಭದಲ್ಲಿ ರಿಪೇರಿ ದರದಲ್ಲಿ ರಿಯಾಯಿತಿ ಕೇಳುವುದು, ಕೊಳ್ಳುವಾಗ ಅಪಘಾತ ಹಾನಿಯ ವಿಮೆ ಮಾಡಿಸಿದ್ದರೆ ಅದನ್ನು ಬಳಸುವುದು ಸರಿಯಾದ ದಾರಿ. ವಿಮೆಗೆ "ಬಿತ್ತು" ಎಂದೂ ಕಂಪನಿಗೆ "ಬೀಳಲಿಲ್ಲ" ಎಂದೂ ಬರೆದವರು ಎರಡೂ ಕಡೆ ಸೋಲುತ್ತಾರೆ.

ಇನ್ನು ಸರ್ವಿಸ್ ಸೆಂಟರ್. ಟ್ಯಾಬ್ಲೆಟ್ ಕೈಬಿಡುವ ಮೊದಲು ಒಳಗಿರುವುದನ್ನೆಲ್ಲ ಬ್ಯಾಕಪ್ ಮಾಡಿಕೊಳ್ಳಿ. ನಾಲ್ಕೂ ಅಂಚು, ನಾಲ್ಕೂ ಮೂಲೆ, ಬೆನ್ನು, ಬಿರುಕಿನ ಮೂಲ ಇವುಗಳ ಫೋಟೊ ತೆಗೆಯಿರಿ. ಒಂದು ಫೋಟೊದಲ್ಲಾದರೂ ಪರದೆಯ ಮೇಲೆ ಸೀರಿಯಲ್ ನಂಬರ್ ಕಾಣುವಂತಿರಲಿ, ಇದು ಇದೇ ಟ್ಯಾಬ್ಲೆಟ್ ಎಂದು ತೋರಿಸಲು. ಟ್ಯಾಬ್ಲೆಟ್ ಕೊಟ್ಟಾಗ ಅವರು ಬರೆಯುವ ಜಾಬ್‌ಶೀಟ್ ಈ ಇಡೀ ವ್ಯವಹಾರದಲ್ಲಿ ಎಲ್ಲಕ್ಕಿಂತ ಮುಖ್ಯ ಕಾಗದ. ಅದರಲ್ಲಿ ಬರಿಯ "ಡಿಸ್‌ಪ್ಲೇ ಬ್ರೋಕನ್" ಎಂದಿದ್ದರೆ ಸಹಿ ಹಾಕುವ ಮೊದಲು ಒಂದು ಸಾಲು ಸೇರಿಸಲು ಕೇಳಿ: "ಫ್ರೇಮ್ ಮತ್ತು ಮೂಲೆಗಳಲ್ಲಿ ಜಜ್ಜಿದ ಗುರುತು ಇಲ್ಲ, ಬಿರುಕು ಬಲ ಅಂಚಿನಿಂದ ಆರಂಭವಾಗಿದೆ." ಅವರು ಒಪ್ಪದಿದ್ದರೆ ಗ್ರಾಹಕರ ಹೇಳಿಕೆಯ ಜಾಗದಲ್ಲಿ ನೀವೇ ಬರೆಯಿರಿ. ಅವರ ಕಂಪ್ಯೂಟರಿನಲ್ಲಿ ಇಂಥ ಪ್ರಕರಣಗಳಿಗೆ ಸಿಐಡಿ ಎಂಬ ಗುರುತು ಹಾಕುವ ರೂಢಿ ಇದೆ, ಗ್ರಾಹಕರಿಂದಲೇ ಆದ ಹಾನಿ ಎಂದು ಅದರ ಅರ್ಥ. ಜಾಬ್‌ಶೀಟಿನಲ್ಲಿ ಆ ಮೂರು ಅಕ್ಷರ ಕಂಡರೆ, ಯಾವ ಲಕ್ಷಣದ ಆಧಾರದ ಮೇಲೆ ಹಾಗೆ ಬರೆದಿರಿ ಎಂದು ಅಲ್ಲೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ದುಡ್ಡು ಕೊಟ್ಟು ಗಾಜು ಹಾಕಿಸಿಕೊಳ್ಳುವ ಆತುರ ಬೇಡ. ಹೊಸ ಪ್ಯಾನೆಲ್ ಹಾಕಿ ಹಳೆಯದನ್ನು ಎಸೆದ ಮೇಲೆ ನಿಮ್ಮ ಬಳಿ ಉಳಿಯುವುದು ಫೋಟೊ ಮಾತ್ರ. ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಿದರಂತೂ ವಾರಂಟಿಯ ಮಾತೇ ಮುಗಿಯಿತು. ಕೆಲಸಕ್ಕೆ ತುರ್ತಾಗಿ ಬೇಕೇಬೇಕು ಎಂದಾದರೆ "ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ" ಎಂದು ಬರೆದು ಕಟ್ಟಿ, ಹಳೆಯ ಪ್ಯಾನೆಲ್ ವಾಪಸು ಕೇಳಿ ಪಡೆಯಿರಿ.

ಈಗ ಪತ್ರ. ಒಂದು ಪ್ರಕರಣ ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ಕಾಲೇಜು ಉಪನ್ಯಾಸಕಿ 2024ರ ಜುಲೈನಲ್ಲಿ ಅಂಗಡಿಯೊಂದರಲ್ಲಿ 28,000 ರೂಪಾಯಿಗೆ ಟ್ಯಾಬ್ಲೆಟ್ ಕೊಂಡಿದ್ದಾರೆ, ವಾರಂಟಿ ಒಂದು ವರ್ಷ. ಸುಮಾರು ಎಂಟು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಲ ಅಂಚಿನಲ್ಲಿ, ಧ್ವನಿ ಹೆಚ್ಚುಕಡಿಮೆ ಮಾಡುವ ಬಟನ್ನಿನ ಪಕ್ಕದಿಂದ ಹೊರಟ ಬಿರುಕು ಕಂಡಿದೆ. ಸರ್ವಿಸ್ ಸೆಂಟರ್‌ನವರು ಫಿಸಿಕಲ್ ಡ್ಯಾಮೇಜ್ ಎಂದು ಬರೆದು, ತೆರಿಗೆ ಸೇರಿ 11,800 ರೂಪಾಯಿಯ ಎಸ್ಟಿಮೇಟ್ ಕೊಟ್ಟಿದ್ದಾರೆ. ಉಪನ್ಯಾಸಕಿ ಪತ್ರ ಬರೆಯಬೇಕಾದದ್ದು ಕಂಪನಿಗೆ, ಸರ್ವಿಸ್ ಸೆಂಟರ್‌ಗಲ್ಲ, ಬಹಳ ಕಡೆ ಅದನ್ನು ನಡೆಸುವುದು ಗುತ್ತಿಗೆ ಪಡೆದ ಬೇರೆ ಸಂಸ್ಥೆ. ಟ್ಯಾಬ್ಲೆಟ್ ಬಂದ ಡಬ್ಬಿಯ ಲೇಬಲ್ ನೋಡಿದರೆ ತಯಾರಕರು ಅಥವಾ ಆಮದುದಾರರ ಹೆಸರು, ವಿಳಾಸ, ಗ್ರಾಹಕ ಸೇವೆಯ ಸಂಪರ್ಕ ಅಲ್ಲೇ ಅಚ್ಚಾಗಿರುತ್ತದೆ. ಪ್ಯಾಕ್ ಮಾಡಿದ ಸರಕಿನ ಮೇಲೆ ಅದು ಇರಬೇಕೆಂಬುದು ಕಾನೂನುಮಾಪನ ನಿಯಮ. ಆ ವಿಳಾಸಕ್ಕೆ ಇ-ಮೇಲ್ ಒಂದು, ಸ್ಪೀಡ್ ಪೋಸ್ಟ್ ಒಂದು. ಪತ್ರದ ಒಂದು ನಕಲು ಸರ್ವಿಸ್ ಸೆಂಟರ್‌ಗೆ. ಕಂಪನಿಯ ಕಚೇರಿ ಹೊರರಾಜ್ಯದಲ್ಲಿದ್ದರೆ ಇದನ್ನೇ ಇದೇ ಕ್ರಮದಲ್ಲಿ ಇಂಗ್ಲಿಷಿಗೆ ಇಳಿಸಿಕೊಂಡರೆ ಕೆಲಸ ಬೇಗ ಆಗುತ್ತದೆ.

ದಿನಾಂಕ: 12 ಮಾರ್ಚ್ 2025

ಇವರಿಗೆ,
ಗ್ರಾಹಕ ದೂರು ಪರಿಹಾರ ಅಧಿಕಾರಿಗಳು,
(ಡಬ್ಬಿಯ ಮೇಲಿರುವ ಕಂಪನಿಯ ಹೆಸರು ಮತ್ತು ವಿಳಾಸ)

ವಿಷಯ: ವಾರಂಟಿ ಅವಧಿಯಲ್ಲಿ ಟ್ಯಾಬ್ಲೆಟ್‌ನ ಹೊರಗಾಜು ಬಿರುಕು ಬಿಟ್ಟಿರುವುದು, ಉಚಿತ ದುರಸ್ತಿಗಾಗಿ ಕೋರಿಕೆ. ಮಾಡೆಲ್, ಸೀರಿಯಲ್ ನಂಬರ್, ಜಾಬ್‌ಶೀಟ್ ನಂಬರ್: (ಇಲ್ಲಿ ಬರೆಯುವುದು)

ಮಾನ್ಯರೇ,

ಮೇಲ್ಕಂಡ ಟ್ಯಾಬ್ಲೆಟ್ ಅನ್ನು 8 ಜುಲೈ 2024ರಂದು 28,000 ರೂಪಾಯಿ ಕೊಟ್ಟು ಖರೀದಿಸಿದ್ದೇನೆ. ಬಿಲ್ಲಿನ ಪ್ರತಿ ಲಗತ್ತಿಸಿದೆ. ವಾರಂಟಿ 7 ಜುಲೈ 2025ರವರೆಗೆ ಇದೆ.

5 ಮಾರ್ಚ್ 2025ರ ರಾತ್ರಿ ಟ್ಯಾಬ್ಲೆಟ್ ಬಳಸಿ, ಆಫ್ ಮಾಡಿ ಮನೆಯ ಓದುವ ಮೇಜಿನ ಮೇಲೆ ಇಟ್ಟಿದ್ದೆ. ಆಗ ಗಾಜು ಸರಿಯಾಗಿತ್ತು. 6ರ ಬೆಳಿಗ್ಗೆ ತೆಗೆದಾಗ ಬಿರುಕು ಕಂಡಿತು. ಈ ನಡುವೆ ಅದು ಬಿದ್ದಿಲ್ಲ, ಅದರ ಮೇಲೆ ಏನನ್ನೂ ಇಟ್ಟಿರಲಿಲ್ಲ. ಖರೀದಿಸಿದ ದಿನದಿಂದ ಎಲ್ಲಿಯೂ ಬಿಚ್ಚಿಸಿಲ್ಲ.

ಬಿರುಕು ಬಲ ಅಂಚಿನಲ್ಲಿ ಧ್ವನಿಯ ಬಟನ್ನಿನ ಪಕ್ಕದಿಂದ ಆರಂಭವಾಗಿ, ಅಂಚಿಗೆ ಲಂಬವಾಗಿ ಸುಮಾರು 2 ಸೆಂಟಿಮೀಟರ್ ಸಾಗಿ, ನಂತರ ಕೆಳಮುಖವಾಗಿ ಬಾಗಿ ಎಡ ಅಂಚನ್ನು ಮುಟ್ಟಿದೆ. ಒಂದೇ ಗೆರೆ ಇದೆ, ಕೊನೆಯಲ್ಲಿ ಮಾತ್ರ ಒಂದು ಕವಲು. ಗಾಜಿನ ಮೇಲೆ ಎಲ್ಲಿಯೂ ಗುಳಿಯಾಗಲಿ, ಪುಡಿಯಾದ ಜಾಗವಾಗಲಿ ಇಲ್ಲ. ಬಿರುಕು ಆರಂಭವಾದ ಜಾಗದ ಫ್ರೇಮಿನಲ್ಲೂ ನಾಲ್ಕು ಮೂಲೆಗಳಲ್ಲೂ ಜಜ್ಜಿದ ಗುರುತಿಲ್ಲ. ದೇಹ ಬಾಗಿಲ್ಲ. ಅಂಟಿಸಿದ್ದ ಸ್ಕ್ರೀನ್ ಗಾರ್ಡ್ ಅಖಂಡವಾಗಿದೆ. ಫೋಟೊಗಳು 1ರಿಂದ 9 ನೋಡಿ. ಬಿರುಕಿನ ಮೂಲ ಫೋಟೊ 3ರಲ್ಲಿದೆ.

10 ಮಾರ್ಚ್ 2025ರಂದು ನಿಮ್ಮ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಇದನ್ನು ಫಿಸಿಕಲ್ ಡ್ಯಾಮೇಜ್ ಎಂದು ದಾಖಲಿಸಿ 11,800 ರೂಪಾಯಿ ಕೇಳಿದ್ದಾರೆ. ಪೆಟ್ಟು ಬಿದ್ದ ಜಾಗ ಯಾವುದೆಂದು ಜಾಬ್‌ಶೀಟಿನಲ್ಲಿ ತೋರಿಸಿಲ್ಲ. ಮೇಲಿನ ಲಕ್ಷಣಗಳು ಪೆಟ್ಟಿಗಿಂತ ಗಾಜಿನ ಅಂಚಿನ ದೋಷ ಅಥವಾ ಜೋಡಣೆಯ ಒತ್ತಡಕ್ಕೆ ಹೊಂದುತ್ತವೆ ಎಂಬುದು ನನ್ನ ನಿವೇದನೆ.

ಆದ್ದರಿಂದ ಹೊರಗಾಜು ಮತ್ತು ಡಿಸ್‌ಪ್ಲೇ ಪ್ಯಾನೆಲ್ ಅನ್ನು ವಾರಂಟಿಯಡಿ ಉಚಿತವಾಗಿ ಬದಲಿಸಿಕೊಡಬೇಕೆಂದು ಕೋರುತ್ತೇನೆ. ಇದು ಪೆಟ್ಟಿನಿಂದಲೇ ಆದದ್ದು ಎಂದು ನೀವು ತೀರ್ಮಾನಿಸುವುದಾದರೆ, ಪೆಟ್ಟಿನ ಜಾಗವನ್ನು ಗುರುತಿಸಿದ ಫೋಟೊ ಸಹಿತ ತಾಂತ್ರಿಕ ವರದಿಯನ್ನು ಲಿಖಿತವಾಗಿ ಕೊಡಿ. ವಿಷಯ ಇತ್ಯರ್ಥವಾಗುವವರೆಗೆ ಬಿರುಕು ಬಿಟ್ಟ ಪ್ಯಾನೆಲ್ ಅನ್ನು ನಾಶಪಡಿಸಬೇಡಿ. ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ನಿರೀಕ್ಷಿಸುತ್ತೇನೆ.

ವಂದನೆಗಳೊಂದಿಗೆ,
(ಸಹಿ, ಹೆಸರು, ವಿಳಾಸ, ಮೊಬೈಲ್)

ಲಗತ್ತು: ಬಿಲ್ಲು, ವಾರಂಟಿ ಕಾರ್ಡ್, ಜಾಬ್‌ಶೀಟ್, ಎಸ್ಟಿಮೇಟ್, 9 ಫೋಟೊಗಳು

ಈ ಪತ್ರದಲ್ಲಿ "ತಾನಾಗಿಯೇ ಒಡೆಯಿತು" ಎಂಬ ಮಾತು ಎಲ್ಲಿಯೂ ಇಲ್ಲ. ಆ ಮಾತು ಓದಿದ ಕೂಡಲೇ ಕಂಪನಿಯವರಿಗೆ ಸಿದ್ಧ ಉತ್ತರ ನೆನಪಾಗುತ್ತದೆ. ಅದರ ಬದಲು ಕೊನೆಯ ಬಾರಿ ಸರಿಯಾಗಿದ್ದದ್ದು ಯಾವಾಗ, ಬಿರುಕು ಕಂಡದ್ದು ಯಾವಾಗ, ನಡುವೆ ಅದು ಎಲ್ಲಿತ್ತು ಎಂಬುದಿದೆ. ಕಾರಣ ಇದೇ ಎಂದು ಪಟ್ಟು ಹಿಡಿದಿಲ್ಲ, "ಹೊಂದುತ್ತವೆ" ಎಂದಷ್ಟೇ ಹೇಳಿದೆ. ಪ್ಯಾನೆಲ್ ಬಿಚ್ಚದೆ ಒಳಗೇನಿದೆ ಎಂದು ಬಳಸುವವರಿಗೆ ತಿಳಿಯುವುದಿಲ್ಲ. ತಿಳಿಯದ್ದನ್ನು ಖಚಿತವಾಗಿ ಹೇಳಿದರೆ ಕಂಪನಿ ಹಿಡಿದುಕೊಳ್ಳುವುದು ಆ ಒಂದು ಎಳೆಯನ್ನೇ. ಎಲ್ಲೋ ಓದಿದ ನಿಕ್ಕಲ್ ಸಲ್ಫೈಡ್ ಕಣದ ವಿಚಾರವನ್ನು ಕೆಲವರು ತಂದು ಸೇರಿಸುತ್ತಾರೆ. ಅದು ಕಟ್ಟಡಗಳ ಕಿಟಕಿ, ಬಾಗಿಲುಗಳಿಗೆ ಹಾಕುವ, ಕಾಯಿಸಿ ತಣಿಸಿ ಗಟ್ಟಿಗೊಳಿಸಿದ ಗಾಜಿನ ತೊಂದರೆ. ಟ್ಯಾಬ್ಲೆಟ್ ಗಾಜಿಗೆ ಅದನ್ನು ಅಂಟಿಸಿದರೆ ಓದುವ ತಂತ್ರಜ್ಞರಿಗೆ ಪತ್ರದ ಉಳಿದ ಭಾಗದ ಮೇಲೂ ನಂಬಿಕೆ ಹೋಗುತ್ತದೆ.

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟಿದ್ದರೆ ಅದನ್ನು ಮರೆಮಾಚಬೇಡಿ. ಆದರೆ ಆಗ ನಿಮ್ಮ ವಾದ ದುರ್ಬಲವಾಗುತ್ತದೆ ಎಂಬುದು ಗೊತ್ತಿರಲಿ. ಎಷ್ಟೋ ಟ್ಯಾಬ್ಲೆಟ್‌ಗಳ ಕೈಪಿಡಿಯಲ್ಲಿ ಬಳಕೆಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂದಿರುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಿಟಕಿ ಮುಚ್ಚಿದ ಕಾರು ಅದನ್ನು ಎಷ್ಟೋ ಮೀರುತ್ತದೆ.

ಪತ್ರದ ಅತಿ ಮುಖ್ಯ ಸಾಲು ಪೆಟ್ಟಿನ ಜಾಗ ತೋರಿಸಿದ ವರದಿ ಕೊಡಿ ಎಂಬುದು. ಇದರಿಂದ ಕಂಪನಿಯ ಮುಂದೆ ಎರಡು ದಾರಿ ಉಳಿಯುತ್ತವೆ. ಒಬ್ಬ ಎಂಜಿನಿಯರ್ ಕೂತು ಗಾಜನ್ನು ನಿಜವಾಗಿ ನೋಡಿ ಬರೆಯಬೇಕು, ಇಲ್ಲವೇ ಪ್ಯಾನೆಲ್ ಬದಲಿಸಿ ಮುಗಿಸಬೇಕು. ವರದಿ ಬಂದು ಅದರಲ್ಲಿ ನಿಮಗೆ ಕಾಣದಿದ್ದ ಪೆಟ್ಟಿನ ಗುರುತು ಇದ್ದರೆ ಅದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮೊದಲ ಪತ್ರದಲ್ಲೇ ಮಾನಸಿಕ ಯಾತನೆಗೆ ಲಕ್ಷಗಟ್ಟಲೆ ಪರಿಹಾರ ಕೇಳುವವರಿದ್ದಾರೆ. ಹಾಗೆ ಮಾಡಿದರೆ ಕಡತ ದುರಸ್ತಿ ವಿಭಾಗದಿಂದ ನೇರ ವಕೀಲರ ಮೇಜಿಗೆ ಹೋಗುತ್ತದೆ, 11,800 ರೂಪಾಯಿಯಲ್ಲಿ ಮುಗಿಯಬೇಕಾದದ್ದು ವರ್ಷಗಟ್ಟಲೆ ಎಳೆಯುತ್ತದೆ.

15 ದಿನ ಕಳೆದರೂ ಉತ್ತರವಿಲ್ಲ, ಅಥವಾ ಹಳೆಯ ಉತ್ತರವೇ ಬಂತು ಎಂದುಕೊಳ್ಳೋಣ. ಮುಂದಿನ ಹೆಜ್ಜೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಕನ್ನಡದಲ್ಲೂ ಮಾತನಾಡಬಹುದು. ಕಂಪನಿಗೆ ಆಜ್ಞೆ ಮಾಡುವ ಅಧಿಕಾರ ಅವರಿಗಿಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತಾರೆ. ಆನ್‌ಲೈನ್ ಮಳಿಗೆಯಲ್ಲಿ ಕೊಂಡಿದ್ದರೆ ಆ ಮಳಿಗೆಯ ದೂರು ಅಧಿಕಾರಿಗೂ ಪತ್ರದ ಪ್ರತಿ ಕಳಿಸಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅದೂ ಆಗಲಿಲ್ಲ ಎಂದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕಂಪನಿಯ ಕಚೇರಿ ಇರುವ ಊರಿಗೆ ಹೋಗಬೇಕಿಲ್ಲ, ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹುಬ್ಬಳ್ಳಿಯ ಉಪನ್ಯಾಸಕಿಗೆ ಅದು ಧಾರವಾಡ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕೆಂದಿಲ್ಲ. ಇ-ಜಾಗೃತಿ ಪೋರ್ಟಲ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ಬಿರುಕು ಕಂಡ ದಿನದಿಂದಲೇ ಲೆಕ್ಕ ಹಿಡಿದುಕೊಂಡರೆ ಕ್ಷೇಮ.

ದೂರಿನಲ್ಲಿ ಯಾವ ನೆಲೆಯ ಮೇಲೆ ನಿಲ್ಲಬೇಕು ಎಂಬುದರಲ್ಲಿ ಹಲವರು ಎಡವುತ್ತಾರೆ. ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಎಂಬ ಅಧ್ಯಾಯ ಇದೆ, ಕೇಳಲು ದೊಡ್ಡದಾಗಿದೆ. ಆದರೆ ಅಲ್ಲಿ ಹಾನಿ ಎಂದರೆ ದೋಷವಿರುವ ವಸ್ತುವಿನಿಂದ ಮನುಷ್ಯರಿಗೋ ಬೇರೆ ಸೊತ್ತಿಗೋ ಆದದ್ದು. ಆ ವಸ್ತುವಿಗೇ ಆದ ಹಾನಿಯನ್ನು ಅದರ ವ್ಯಾಖ್ಯೆ ಸ್ಪಷ್ಟವಾಗಿ ಹೊರಗಿಟ್ಟಿದೆ. ಒಡೆದ ಗಾಜಿನಿಂದ ಬೆರಳು ಕೊಯ್ದಿದ್ದರೆ ಅದು ಬೇರೆ ಮಾತು. ಬರಿಯ ಗಾಜಿನ ರಿಪೇರಿಗೆ ಹಿಡಿಯಬೇಕಾದದ್ದು ಸರಕಿನ ಗುಣಮಟ್ಟದಲ್ಲಿ ದೋಷ ಎಂಬ ಸರಳ ನೆಲೆ. ದೋಷ ಸಾಬೀತಾದರೆ ಅದನ್ನು ಸರಿಪಡಿಸಲು, ವಸ್ತು ಬದಲಿಸಲು, ಅಥವಾ ಹಣ ಮರಳಿಸಲು ಆಯೋಗ ಆದೇಶಿಸಬಹುದು.

ಆಯೋಗದಲ್ಲೂ ದೋಷವಿದೆ ಎಂದು ತೋರಿಸುವ ಭಾರ ದೂರುದಾರರದ್ದೇ. ಪರೀಕ್ಷೆ ಮಾಡದೆ ದೋಷ ಗೊತ್ತಾಗುವುದಿಲ್ಲ ಎಂದಾದರೆ ವಸ್ತುವನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿ ವರದಿ ತರಿಸಲು ಕಾಯ್ದೆಯ 38ನೇ ಕಲಂನಲ್ಲಿ ಅವಕಾಶವಿದೆ. ಪರೀಕ್ಷೆಯ ಶುಲ್ಕವನ್ನು ದೂರುದಾರರು ಮೊದಲು ಕಟ್ಟಬೇಕಾಗಬಹುದು, ಅದು ರಿಪೇರಿ ಖರ್ಚನ್ನೇ ಮೀರಬಹುದು ಎಂಬುದನ್ನು ಲೆಕ್ಕ ಹಾಕಿಕೊಂಡೇ ಮುಂದುವರಿಯಬೇಕು. ಆ ಹಂತ ಬಂದಾಗ ಬೇಕಾಗುವುದು ಬಿರುಕು ಬಿಟ್ಟ ಅದೇ ಪ್ಯಾನೆಲ್. ಗಾಜು ಚೂರು ಉದುರದಂತೆ ಅದರ ಮೇಲೆ ಅಗಲವಾದ ಪಾರದರ್ಶಕ ಟೇಪ್ ಅಂಟಿಸಿ, ಮೂಲ ಡಬ್ಬಿಯಲ್ಲೇ ಇಟ್ಟು, ಬಿಲ್ಲು, ಜಾಬ್‌ಶೀಟ್, ಸ್ಪೀಡ್ ಪೋಸ್ಟ್ ರಸೀದಿಗಳನ್ನು ಅದರ ಜೊತೆಗೇ ಇಟ್ಟುಕೊಂಡಿರಿ.